18650 ಸೆಲ್ ಕೊಳ್ಳುವ ಮುಂಚೆ ತೂಕ ಹಾಕಿ

18650 ಅನ್ನೋ ಉರುಟು ಲಿಥಿಯಂ ಸೆಲ್ ಹಾಕಿ ಪವರ್ ಬ್ಯಾಂಕ್ ಮಾಡುವವರಿಗೆ ಒಂದು ಮಾತು. ಈ ಸೆಲ್ ಮೇಲೆ 9900 ಎಂಎಎಚ್ ಸಾಮರ್ಥ್ಯ ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು. ಈ ಅಳತೆಯಲ್ಲಿ ಒಳ್ಳೆಯ ಕಂಪನಿಯ ಸೆಲ್ ಕೂಡ 3500ರ ಆಸುಪಾಸಿಗೆ ನಿಲ್ಲುತ್ತದೆ. ಅಗ್ಗ ಅಂತ ನಾನೂ ಆನ್‌ಲೈನ್‌ನಲ್ಲಿ ನಾಲ್ಕು ತರಿಸಿದ್ದೆ. ಅಡುಗೆಮನೆ ತಕ್ಕಡಿಗೆ ಇಟ್ಟರೆ ಒಂದೊಂದೂ 28 ಗ್ರಾಂ! ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡ್‌ಗೆ ಹೋದರೆ ಪುಟ್ಟ ತಕ್ಕಡಿ, ಮಲ್ಟಿಮೀಟರ್ ಜೇಬಲ್ಲಿರಲಿ. ದುಡ್ಡು ಕೊಡುವ ಮುಂಚೆಯೇ ನೋಡಬಹುದು, ಆನ್‌ಲೈನ್‌ನಲ್ಲಿ ಅದಾಗಲ್ಲ. ಬೆಲೆ ಹೋಲಿಸುವಾಗ ಆನ್‌ಲೈನ್ ಬೆಲೆಗೆ ಡೆಲಿವರಿ ಖರ್ಚನ್ನೂ ಸೇರಿಸಿ.

ಎಲ್ಲಕ್ಕಿಂತ ಅಗ್ಗ ಅಂದ್ರೆ ಹಳೇ ಲ್ಯಾಪ್‌ಟಾಪ್ ಬ್ಯಾಟರಿ. ದಪ್ಪನೆಯ ಪ್ಯಾಕ್ ಆದರೆ ಒಳಗೆ ಸಾಮಾನ್ಯವಾಗಿ ಆರು ಸೆಲ್ ಇರುತ್ತವೆ. ಬಿಚ್ಚುವಾಗ ಸ್ಕ್ರೂಡ್ರೈವರ್ ಒಳಗೆ ಚುಚ್ಚಬೇಡಿ, ಶಾರ್ಟ್ ಆದರೆ ಬೆಂಕಿಯೇ. 2 ವೋಲ್ಟ್‌ಗಿಂತ ಕೆಳಗಿದ್ದದ್ದನ್ನು, ತುಕ್ಕು ಹಿಡಿದದ್ದನ್ನು ಇ-ವೇಸ್ಟ್‌ಗೆ ಹಾಕಿ. ಉಳಿದವನ್ನು ಬಿಡಿಬಿಡಿಯಾಗಿ 4.2 ವೋಲ್ಟ್‌ವರೆಗೆ ಚಾರ್ಜ್ ಮಾಡಿ, ಎರಡು ವಾರ ಸುಮ್ನೆ ಇಡಿ. 4.1ಕ್ಕಿಂತ ಕೆಳಗಿಳಿದರೆ ಅಥವಾ ಚಾರ್ಜ್ ಆಗುವಾಗ ಕೈಗೆ ಬಿಸಿ ತಾಗಿದರೆ ಅದನ್ನೂ ಬಿಟ್ಟುಬಿಡಿ. ನನ್ನ ಆರರಲ್ಲಿ ನಾಲ್ಕು ಪಾಸಾದವು.