ಬೂದು ಬಣ್ಣದ ಹಿಂದೆ ಫೋಟೊ ಇದೆಯೋ ಇಲ್ಲವೋ: ಒಂದು ಮದುವೆಯ ಮೆಮೊರಿ ಕಾರ್ಡ್‌ನ ಕಥೆ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಮದುವೆ ಸೀಸನ್ ಶುರುವಾದರೆ ಮೆಮೊರಿ ಕಾರ್ಡ್ ಹಿಡಿದು ಬರುವವರು ಜಾಸ್ತಿ. ಹೋದ ಸೀಸನ್‌ನಲ್ಲಿ ಪರಿಚಯದ ಸ್ಟುಡಿಯೊದವರೊಬ್ಬರು 32 ಜಿಬಿ ಕಾರ್ಡ್ ತಂದರು. ಕ್ಯಾಮೆರಾ ಕಾರ್ಡ್ ಎರರ್ ತೋರಿಸಿತ್ತು. ಅವರೇ ಯಾವುದೋ ರಿಕವರಿ ಸಾಫ್ಟ್‌ವೇರ್ ಹಾಕಿ ಸುಮಾರು ಫೋಟೊ ತೆಗೆದಿದ್ದರು. ಬಹಳಷ್ಟು ಚೆನ್ನಾಗಿಯೇ ಇದ್ದವು. ಆದರೆ ಬೇಕಾದ ಎರಡೇ ಕೆಟ್ಟಿದ್ದವು.

"ಅಣ್ಣಾ, ಒಂದಕ್ಕೆ ಕೆಳಗೆ ಬೂದಿ ಬಳಿದಂಗ ಆಗೇತಿ. ಇನ್ನೊಂದು ಅರ್ಧದಿಂದ ಹಸಿರು ಬಣ್ಣ ತಿರುಗಿ ಪಕ್ಕಕ್ಕೆ ಜಾರೇತಿ. ಫೋಟೊಶಾಪ್‌ನಾಗೆ ಸರಿ ಮಾಡ್ಲಾ?" ಅಂತ ಕೇಳಿದರು.

ಬೇಡ ಅಂದೆ. ಕೆಟ್ಟ ಫೋಟೊವನ್ನು ಯಾವುದೇ ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದರೆ ಆ ಜಾರಿಕೆ, ಆ ಹಸಿರು, ಆ ಬೂದು ಎಲ್ಲವೂ ಹೊಸ ಫೈಲ್‌ನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಮೂಲ ಫೈಲ್‌ನೊಳಗೆ ಅಡಗಿರುವ ಮಾಹಿತಿ ಅಲ್ಲಿಗೆ ಮುಗಿಯಿತು.

ಮೊದಲು ಕಾರ್ಡ್‌ನ ಪೂರ್ತಿ ನಕಲು ತೆಗೆದೆ. ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೇ.

```
sudo ddrescue -d /dev/sdb card.img card.map
```

ಇದು ಓದಲು ಬಂದದ್ದನ್ನು ಓದುತ್ತದೆ, ಬಾರದ ಜಾಗವನ್ನು `card.map` ಫೈಲ್‌ನಲ್ಲಿ ಗುರುತು ಹಾಕುತ್ತದೆ. ನಕಲಿನಲ್ಲಿ ಆ ಜಾಗ ಬರೀ ಸೊನ್ನೆ. ಈ ಕಾರ್ಡ್‌ನಲ್ಲಿ ಮುಖ್ಯವಾಗಿ ಎರಡು ಕಡೆ ಹೊಡೆತ ಬಿದ್ದಿತ್ತು. ಒಂದು, ಕಾರ್ಡ್‌ನ ಮೊದಲ ಭಾಗ. ಯಾವ ಫೋಟೊದ ತುಂಡು ಎಲ್ಲೆಲ್ಲಿದೆ ಅನ್ನುವ ಪಟ್ಟಿ ಇರುವುದು ಅಲ್ಲೇ. ಆ ಪಟ್ಟಿಗೆ ಎರಡು ಪ್ರತಿ ಇರುತ್ತವೆ, ಆದರೆ ಅಕ್ಕಪಕ್ಕದಲ್ಲೇ ಇರುತ್ತವೆ, ಎರಡೂ ಹೋಗಿದ್ದವು. ಇನ್ನೊಂದು, ನಡುವೆ ಎಲ್ಲೋ 64 ಕೆಬಿಯಷ್ಟು ಜಾಗ.

ಈಗ ಬೂದು ಬಣ್ಣದ ವಿಷಯ. ಅದು ಕಾರ್ಡ್‌ನಿಂದ ಬಂದದ್ದಲ್ಲ. ಜೆಪೆಗ್ ಫೋಟೊ ಅಂದರೆ ಸಣ್ಣ ಸಣ್ಣ ಚೌಕಗಳ ಸಾಲು. ತೆರೆಯುವ ಪ್ರೋಗ್ರಾಂ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಚೌಕ ತುಂಬುತ್ತಾ ಹೋಗುತ್ತದೆ. ಡೇಟಾ ನಿಂತರೆ ಉಳಿದ ಚೌಕಗಳಿಗೆ ಸೊನ್ನೆ ಹಾಕುತ್ತದೆ. ಜೆಪೆಗ್‌ನಲ್ಲಿ ಸೊನ್ನೆ ಅಂದರೆ ಕಪ್ಪಲ್ಲ, 0ರಿಂದ 255ರ ನಡುಮಧ್ಯದ 128. ಅದೇ ಆ ಬೂದು. ಅಂದರೆ "ನನಗೆ ಇಲ್ಲಿಂದ ಮುಂದೆ ಏನೂ ಸಿಗಲಿಲ್ಲ" ಅಂತ ಪ್ರೋಗ್ರಾಂ ಹೇಳುತ್ತಿದೆ, ಅಷ್ಟೇ. ಆದರೆ ಸಿಗಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತ ಅಲ್ಲ. ಬೇರೆ ಫೈಲ್‌ನ ತುಂಡು ನಡುವೆ ಸೇರಿಕೊಂಡು, ಅದರಲ್ಲಿ ಅಕಸ್ಮಾತ್ "ಫೋಟೊ ಮುಗಿಯಿತು" ಅನ್ನುವ FF D9 ಜೋಡಿ ಇದ್ದರೂ ಸಾಕು, ಪ್ರೋಗ್ರಾಂ ಅಲ್ಲೇ ಕೈಬಿಡುತ್ತದೆ.

ಹಾಗಾಗಿ ನಾನು ಮೊದಲು ನೋಡುವುದು ಫೈಲ್ ಸೈಜ್. ಅದೇ ಕ್ಯಾಮೆರಾದ, ಅದೇ ಹೊತ್ತಿನ ಬೇರೆ ಫೋಟೊಗಳು 5 ಎಂಬಿ ಇದ್ದು, ಅರ್ಧ ಬೂದಾದ ಇದು ಕೂಡ 5 ಎಂಬಿ ಇದ್ದರೆ ಒಳಗೆ ಇನ್ನೂ ಡೇಟಾ ಇರುವ ಸಾಧ್ಯತೆ ಇದೆ. ಎರಡೂವರೆ ಎಂಬಿ ಇದ್ದರೆ ಆ ಫೈಲ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಉಳಿದದ್ದು ಕಾರ್ಡ್‌ನಲ್ಲಿ ಬೇರೆಲ್ಲೋ ಇರಬೇಕು ಅಥವಾ ಹೋಗಿರಬೇಕು.

ಮೊದಲ ಫೋಟೊ, ಮಂಟಪದ ಮುಂದೆ ಮನೆಯವರೆಲ್ಲ ನಿಂತದ್ದು, 4.8 ಎಂಬಿ ಇತ್ತು. ಜೆಪೆಗ್ ಬಿಚ್ಚಿ ನೋಡುವ `djpeg` ಹಾಕಿದರೆ `Premature end of JPEG file` ಅಂತ ಬಂತು, ಅಂದರೆ ಫೋಟೊ ಪೂರ್ತಿಯಾಗುವ ಮೊದಲೇ ಫೈಲ್ ಮುಗಿದಿದೆ. 6000 × 4000 ಫೋಟೊದಲ್ಲಿ ಕೆಳಗಿನ ಸುಮಾರು 320 ಪಿಕ್ಸೆಲ್ ಗೆರೆ ಬೂದು, ಅಂದರೆ ಎಲ್ಲರ ಪಾದ ಮಾಯ. ಸ್ಟುಡಿಯೊದವರನ್ನು ಕೇಳಿದೆ, "ಕ್ಯಾಮೆರಾದಲ್ಲೇ ಫೋಟೊ ಡಿಲೀಟ್ ಮಾಡ್ತಿದ್ರಾ?" ಅಂತ. "ಹೌದಣ್ಣ, ಕಣ್ಣು ಮುಚ್ಚಿದ್ದೆಲ್ಲ ತೆಗೀತಿದ್ವಿ, ಜಾಗ ಸಾಲ್ತಿರಲಿಲ್ಲ" ಅಂದರು.

ಅಲ್ಲೇ ಇತ್ತು ಉತ್ತರ. 4.8 ಎಂಬಿಯ ಫೋಟೊ ಅಳಿಸಿದ ಜಾಗಕ್ಕೆ 5.2 ಎಂಬಿಯ ಹೊಸ ಫೋಟೊ ಬಂದು ಕೂತಿದೆ. ಹಿಡಿಸದ 0.4 ಎಂಬಿ ಬೇರೆ ಕಡೆ ಹೋಗಿದೆ. ಪಟ್ಟಿ ಇದ್ದಿದ್ದರೆ ಎರಡನ್ನೂ ಅದು ಜೋಡಿಸುತ್ತಿತ್ತು. ಪಟ್ಟಿ ಹೋದ ಮೇಲೆ ರಿಕವರಿ ಸಾಫ್ಟ್‌ವೇರ್ ಸುಮ್ನೆ ಸಾಲಾಗಿ ಓದುತ್ತದೆ, ಮುಂದಿನ ಫೋಟೊದ ತಲೆ ಕಂಡ ಕೂಡಲೇ ನಿಲ್ಲಿಸುತ್ತದೆ.

ಈ ಕಾರ್ಡ್‌ನಲ್ಲಿ ಜಾಗ ಹಂಚುವುದು 32 ಕೆಬಿ ಲೆಕ್ಕದಲ್ಲಿ. ನನಗೆ ಬೇಕಾದ ಬಾಲ ಸುಮಾರು 13 ತುಂಡು. ಯಾವ ಫೋಟೊಗೂ ಸೇರದೆ ಅನಾಥವಾಗಿ ಉಳಿದ ಜಾಗಗಳನ್ನು ಪಟ್ಟಿ ಮಾಡಿದೆ. ಅಳಿಸಿದ ಹಳೆಯ ಫೋಟೊಗಳ ಚೂರುಗಳೂ ಅದರಲ್ಲಿದ್ದವು. ಫೋಟೊ ಡೇಟಾದಂತೆ ಕಾಣುವ, ಅಷ್ಟೇ ಉದ್ದದ, ಕೊನೆಯಲ್ಲಿ FF D9 ಇರುವ ಜಾಗಗಳು ಆರು ಸಿಕ್ಕವು. ತಲೆಯ ಭಾಗವನ್ನು ಸರಿಯಾಗಿ 32 ಕೆಬಿ ಗಡಿಯಲ್ಲಿ ಕತ್ತರಿಸಿ ಒಂದೊಂದನ್ನೇ ಅಂಟಿಸಿದೆ:

```
cat head.bin tail4.bin > joined4.jpg
```

ಬೇರೆ ಫೋಟೊದ ಬಾಲ ಅಂಟಿಸಿದರೆ ಜೋಡಣೆಯ ಜಾಗದಲ್ಲೇ ಬಣ್ಣಬಣ್ಣದ ಕಸ ಏಳುತ್ತದೆ. ನಾಲ್ಕನೆಯದಕ್ಕೆ ಜೋಡಿಸಿದ ಗೆರೆಯೇ ಕಾಣಲಿಲ್ಲ. ಸೀರೆಯ ಅಂಚು, ಪಂಚೆ, ಪಾದ, ಎಲ್ಲ ಬಂತು. ಇದನ್ನು ದುರಸ್ತಿ ಅನ್ನುವುದಕ್ಕಿಂತ ಹುಡುಕಾಟ ಅನ್ನಬೇಕು. ಒಂದು ಬಿಟ್ ಕೂಡ ನಾನು ಸೇರಿಸಿಲ್ಲ.

ಎರಡನೆಯದು ತಾಳಿ ಕಟ್ಟುವ ಕ್ಷಣ. ಅದರ ಕಥೆ ಬೇರೆ. ಓದಲು ಬಾರದ ಆ 64 ಕೆಬಿ ಇದರ ನಡುವೆಯೇ ಇತ್ತು. ಮೇಲಿನ 1400 ಗೆರೆ ಚೆನ್ನಾಗಿತ್ತು. ಆಮೇಲೆ ಒಂದೇ ನಮೂನೆ ಮತ್ತೆ ಮತ್ತೆ ಬರುವ ಪಟ್ಟಿ, ಅದು ಸೊನ್ನೆಗಳ ಗುರುತು. ಅದರ ಕೆಳಗೆ ಫೋಟೊ ಮುಂದುವರಿದಿತ್ತು, ಆದರೆ ಜಾರಿ, ಹಸಿರಾಗಿ. ತೀರಾ ಕೆಳಗೆ ಬೂದು ಬಣ್ಣದ ತೆಳು ಪಟ್ಟಿ.

64 ಕೆಬಿ ಹೋದರೆ ಉಳಿದ ಫೋಟೊವೆಲ್ಲ ಯಾಕೆ ಕೆಡಬೇಕು? ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಜೆಪೆಗ್ ಪ್ರತಿ ಚೌಕಕ್ಕೂ ಪೂರ್ತಿ ಬಾಕಿ ಬರೆಯುವುದಿಲ್ಲ. ಹಿಂದಿನ ಚೌಕಕ್ಕಿಂತ ಬೆಳಕು ಎಷ್ಟು ಹೆಚ್ಚು, ಬಣ್ಣ ಎಷ್ಟು ಕಮ್ಮಿ ಅಂತ ವ್ಯತ್ಯಾಸ ಮಾತ್ರ ಬರೆಯುತ್ತದೆ. ನಡುವಿನ ಒಂದು ಹಾಳೆ ಹರಿದರೆ ಆಮೇಲಿನ ಕೊಡು-ತಗೊಳ್ಳುವ ಲೆಕ್ಕ ಸರಿಯಾಗೇ ಇರುತ್ತದೆ, ಬಾಕಿ ಮಾತ್ರ ಕೊನೆಯವರೆಗೂ ತಪ್ಪು. ಅದೇ ಆ ಹಸಿರು. ಜಾರಿಕೆಗೆ ಕಾರಣ ಇನ್ನೂ ಸರಳ. ಇದು ಇಷ್ಟನೇ ಚೌಕ ಅಂತ ಎಲ್ಲೂ ನಂಬರ್ ಇಲ್ಲ. ಎಷ್ಟು ಚೌಕ ಹೋದವು ಅಂತ ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ. ಕೆಲವು ಕ್ಯಾಮೆರಾಗಳು ನಡುನಡುವೆ ರೀಸ್ಟಾರ್ಟ್ ಮಾರ್ಕರ್ ಅನ್ನುವ ಗುರುತು ಹಾಕುತ್ತವೆ, ಅಲ್ಲಿಂದ ಲೆಕ್ಕ ಹೊಸದಾಗಿ ಶುರು. ಈ ಕ್ಯಾಮೆರಾ ಹಾಕಿರಲಿಲ್ಲ.

ಚೌಕ ಸೇರಿಸುವ, ತೆಗೆಯುವ, ವ್ಯತ್ಯಾಸ ತಿದ್ದುವ ಸಣ್ಣ ಪ್ರೋಗ್ರಾಂ ನನ್ನ ಹತ್ತಿರ ಇದೆ. ಅದು ಜೆಪೆಗ್ ಒಳಗಿನ ಸಂಖ್ಯೆಗಳನ್ನೇ ಮುಟ್ಟುತ್ತದೆ. ಈ ಫೋಟೊದ ಒಂದು ಚೌಕ 16 ಪಿಕ್ಸೆಲ್ ಅಗಲ, 8 ಎತ್ತರ. ಅಡ್ಡ ಸಾಲಿಗೆ 375 ಚೌಕ. ಮಂಟಪದ ಕಂಬದ ಅಂಚು ಮೇಲಿನ ಭಾಗದಲ್ಲಿ 2016ನೇ ಪಿಕ್ಸೆಲ್‌ನಲ್ಲಿತ್ತು, ಕೆಳಗೆ 1536ರಲ್ಲಿ. 480 ಪಿಕ್ಸೆಲ್ ಎಡಕ್ಕೆ, ಅಂದರೆ 30 ಚೌಕ. 30 ಸೇರಿಸಿದೆ, ಕಂಬ ನೆಟ್ಟಗಾಯಿತು. ಆದರೂ ಕೆಳಗೆ ಎರಡು ಸಾಲು ಬೂದು ಉಳಿಯಿತು. ಎರಡು ಪೂರ್ತಿ ಸಾಲು, ಅಂದರೆ 750 ಚೌಕ ಕೂಡ ಕಮ್ಮಿ ಇದೆ ಅಂತ ಆಗ ಹೊಳೆಯಿತು. ಅಡ್ಡ ಜಾರಿಕೆ ಕಣ್ಣಿಗೆ ಬೀಳುತ್ತದೆ, ಮೇಲಕ್ಕೆ 16 ಗೆರೆ ಜಾರಿದ್ದು ಬೀಳುವುದಿಲ್ಲ. ಒಟ್ಟು 780 ಸೇರಿಸಿದ ಮೇಲೆ ಕೆಳಗಿನ ಬೂದು ಮುಚ್ಚಿಕೊಂಡಿತು.

ಬಣ್ಣಕ್ಕೆ ಸಾಕ್ಷಿ ಬೇಕು. ಕ್ಯಾಮೆರಾ ಫೈಲ್‌ನ ತಲೆಯಲ್ಲೇ ಚಿಕ್ಕ ಥಂಬ್‌ನೇಲ್ ಇಟ್ಟಿರುತ್ತದೆ. ತಲೆ ಉಳಿದಿದ್ದರೆ ಅದೂ ಉಳಿದಿರುತ್ತದೆ.

```
exiftool -b -ThumbnailImage tali.jpg > thumb.jpg
```

160 × 120ರ ಆ ಚಿತ್ರದಲ್ಲಿ ವರನ ಬಿಳಿ ಪಂಚೆ ಬಿಳಿಯಾಗೇ ಇತ್ತು. ದೊಡ್ಡ ಫೋಟೊದಲ್ಲಿ ಪಂಚೆ ಅದಕ್ಕೆ ಹೊಂದುವವರೆಗೂ ಬೆಳಕಿಗೊಂದು, ಬಣ್ಣಕ್ಕೆ ಎರಡು, ಹೀಗೆ ಮೂರು ಸಂಖ್ಯೆ ತಿರುಗಿಸುತ್ತಾ ಹೋದೆ. ಇದನ್ನೇ ಫೋಟೊಶಾಪ್‌ನಲ್ಲಿ ಮಾಡಿದರೆ ಪಂಚೆಯ ಮಡಿಕೆ ಬರುವುದಿಲ್ಲ. ತಪ್ಪು ಬಾಕಿಯಿಂದ ಬೆಳಕು 255 ದಾಟಿದ ಜಾಗವನ್ನು ಪರದೆಗೆ ತರುವಾಗ 255ಕ್ಕೇ ಕತ್ತರಿಸಲಾಗಿರುತ್ತದೆ. ಜೆಪೆಗ್ ಒಳಗಿನ ಸಂಖ್ಯೆಗಳಲ್ಲಿ ಆ ಕತ್ತರಿ ಬಿದ್ದಿರುವುದಿಲ್ಲ. ಅದಕ್ಕೇ ಮಡಿಕೆ, ಜರಿ ಎಲ್ಲ ಮರಳಿ ಬಂತು.

ಉಳಿದದ್ದು ನಡುವಿನ ಪಟ್ಟಿ, ಸುಮಾರು 45 ಗೆರೆ. 12 × 18 ಇಂಚಿನ ಪ್ರಿಂಟ್‌ನಲ್ಲಿ ಮೂರೂವರೆ ಮಿಲಿಮೀಟರ್ ಕೂಡ ಇಲ್ಲ. ಆದರೆ ಅದು ಹಾದುಹೋಗಿದ್ದು ವಧುವಿನ ಕಣ್ಣುಗಳ ಮೇಲೆ.

"ಥಂಬ್‌ನೇಲ್‌ನಾಗೆ ಕಣ್ಣು ಐತಲ್ಲಣ್ಣ, ಅದನ್ನೇ ದೊಡ್ಡದು ಮಾಡಿ ಹಾಕಾಕ ಆಗಲ್ಲಾ?" ಅಂದರು. ಲೆಕ್ಕ ತೋರಿಸಿದೆ. 120 ಗೆರೆಯಲ್ಲಿ ಮೇಲೆ ಕೆಳಗಿನ ಕಪ್ಪು ಪಟ್ಟಿ ಬಿಟ್ಟರೆ ಫೋಟೊ ಇರುವುದು 107 ಗೆರೆ. 4000 ಗೆರೆಯನ್ನು 107ಕ್ಕೆ ಇಳಿಸಿದ್ದಾರೆ. ನಮ್ಮ 45 ಗೆರೆಗೆ ಅಲ್ಲಿ ಸಿಗುವುದು ಒಂದೇ ಒಂದು ಚಿಲ್ಲರೆ ಗೆರೆ. ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಅಂತಲೂ ಅದರಲ್ಲಿ ಗೊತ್ತಾಗುವುದಿಲ್ಲ. ಕ್ಯಾಮೆರಾದ ಮೂಲ ಡೇಟಾ ಇರುವ ರಾ ಫೈಲ್ ಕೂಡ ತೆಗೆದಿದ್ದರೆ ಮಾತು ಬೇರೆ ಇತ್ತು. ಅವರು ಜಾಗ ಉಳಿಸಲು ಬರೀ ಜೆಪೆಗ್ ತೆಗೆದಿದ್ದರು.

ಹಿಂದೆ ನಿಂತವರ ಅಂಗಿ, ಪರದೆಯ ಭಾಗವನ್ನು ಅಕ್ಕಪಕ್ಕದಿಂದ ತೆಗೆದು ತುಂಬಿಕೊಟ್ಟೆ. ಪರದೆಯ ನೆರಿಗೆ ಹೀಗೆ ಇತ್ತೋ ಹಾಗೆ ಇತ್ತೋ ಯಾರೂ ಕೇಳುವುದಿಲ್ಲ. ಕಣ್ಣು ಮಾತ್ರ ಬರೆಯಲಿಲ್ಲ. ಅವರು ಬೇಜಾರು ಮಾಡಿಕೊಂಡರು, ಆಮೇಲೆ ತಾವೇ ದಾರಿ ಕಂಡುಕೊಂಡರು. ಪಟ್ಟಿಯ ಕೆಳಗೆ 2550 ಗೆರೆ ಪೂರ್ತಿ ಉಳಿದಿತ್ತು, 8 × 12 ಪ್ರಿಂಟ್‌ಗೆ ಧಾರಾಳ. ಮುಖ ಬಿಟ್ಟು, ತಾಳಿ ಹಿಡಿದ ಕೈಗಳಷ್ಟನ್ನೇ ಕತ್ತರಿಸಿ ಆಲ್ಬಮ್‌ನಲ್ಲಿ ಒಂದು ಪುಟ ತುಂಬ ಹಾಕಿದರು.