ತಿದ್ದುವ ಮುನ್ನ: ತಪ್ಪು ಯಾವುದು, ನಿಮ್ಮ ರುಚಿ ಯಾವುದು?

ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗೆ ಲೇಖನ ತಿದ್ದಿಕೊಡುವವರು ಹೆಚ್ಚಾಗಿ ಬ್ಯಾಂಕಿನವರು, ಮೇಷ್ಟ್ರುಗಳು, ನಿವೃತ್ತರು. ಬರೆದವರೋ ಹೋಟೆಲಿನವರು, ಗಿರಣಿಯಲ್ಲಿದ್ದವರು. ಇವರ ಕನ್ನಡದಲ್ಲಿ ಊರಿನ ಮಾತೂ ಇರುತ್ತದೆ, ಮರಾಠಿಯೂ ಬೆರೆತಿರುತ್ತದೆ. ತಿದ್ದುವವರು ತಪ್ಪು ಬಿಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಅತಿಯಾಗಿ ತಿದ್ದಿದರೆ ಇಡೀ ಸಂಚಿಕೆಯನ್ನು ಒಬ್ಬರೇ ಬರೆದ ಹಾಗಿರುತ್ತದೆ, ಅದನ್ನು ಯಾರೂ ಆಡಿಕೊಳ್ಳುವುದಿಲ್ಲ. ನನಗೆ ಎರಡನೆಯದೇ ದೊಡ್ಡ ನಷ್ಟ.

ಅಭ್ಯಾಸಕ್ಕೆಂದು ನಾನೇ ಕಟ್ಟಿದ ಒಂದು ಪ್ಯಾರಾ ಇಲ್ಲಿದೆ. ಹಳೆಯ ಹೋಟೆಲ್ ಕೆಲಸಗಾರರೊಬ್ಬರು ಬರೆದದ್ದು ಎಂದುಕೊಳ್ಳಿ:

“ಬೊಂಬಾಯಿಗೆ ಬಂದದ್ದು 1971ರಲ್ಲಿ. ಮೊದಲು ಫಡ್ಕಾ, ಆಮೇಲೆ ಚಹಾ, ಆಮೇಲೆ ಗಲ್ಲೆ. ರಾತ್ರಿ ಶಾಲೆ ಬಿಟ್ಟ ಮೇಲೆ ವಿ.ಟಿ.ಯಲ್ಲಿ ಗಾಡಿ ಹತ್ತಿ ಮಾಟುಂಗಾ ರೋಡಿನಲ್ಲಿ ಇಳಿದು, ಅರ್ದ ಗಂಟೆಯೊಳಗೆ ಹೋಟೆಲು. ಊರಿಂದ ಬಂದ ಹುಡುಗರೆಲ್ಲ ಮೇಜು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದ. ನಿದ್ದೆ ಎಂದರೆ ಅದೇ ನಿದ್ದೆ.”

ಹೆಜ್ಜೆ 1: ಪೆನ್ನು ಕೆಳಗಿಟ್ಟು ಒಮ್ಮೆ ಪೂರ್ತಿ ಓದಿ. ಬಾಯಿಬಿಟ್ಟು ಓದಿದರೆ ಇನ್ನೂ ಒಳ್ಳೆಯದು. ಬರೆದವರ ಚಾಳಿ ಯಾವುದು ಎಂದು ಆಗಲೇ ಕಿವಿಗೆ ಬೀಳುತ್ತದೆ. ಇಲ್ಲಿ ವಾಕ್ಯಗಳು ಗಿಡ್ಡ, ಕ್ರಿಯಾಪದ ಆಗಾಗ ಇರುವುದೇ ಇಲ್ಲ. “ಅರ್ದ ಗಂಟೆಯೊಳಗೆ ಹೋಟೆಲು” ಎಂಬಲ್ಲಿ “ತಲುಪುತ್ತಿದ್ದೆ” ಸೇರಿಸಲು ಕೈ ತುರಿಸುತ್ತದೆ. ಸೇರಿಸಬೇಡಿ, ಅವರು ಹೇಳುವ ರೀತಿಯೇ ಅದು.

ಹೆಜ್ಜೆ 2: ಕೈಯಿಟ್ಟ ಪ್ರತಿ ಜಾಗದಲ್ಲೂ ಕಾರಣ ಹೇಳಿ. “ಹುಡುಗರೆಲ್ಲ” ಬಹುವಚನ, “ಮಲಗುತ್ತಿದ್ದ” ಏಕವಚನ. ಕಾರಣ ಒಂದೇ ಉಸಿರಿಗೆ ಹೇಳಲು ಬಂತು, ಆದ್ದರಿಂದ ಅದು ತಪ್ಪು. “ಮಲಗುತ್ತಿದ್ದರು” ಮಾಡಿ. “ಅರ್ದ” ಕೂಡ ತಪ್ಪೇ. (ನುಡಿ ತಂತ್ರಾಂಶದ ಹಳೆಯ ಕಡತವನ್ನು ಯುನಿಕೋಡಿಗೆ ಬದಲಿಸಿದ್ದರೆ ಮಹಾಪ್ರಾಣದ ಗೀಟು ಅಲ್ಲಿಯೇ ಉದುರಿರಲೂಬಹುದು. ಕೈಬರಹದ ಪ್ರತಿ ನೋಡದೆ ಪಾಪ ಲೇಖಕರನ್ನು ದೂರಬೇಡಿ.)

ಈಗ “ಆಮೇಲೆ… ಆಮೇಲೆ” ನೋಡಿ. ಎರಡನೆಯದನ್ನು “ನಂತರ” ಮಾಡಲು ನಿಮ್ಮ ಬಳಿ ಕಾರಣವೇನು? “ಹಾಗೆ ಚೆನ್ನಾಗಿರುತ್ತದೆ” ಎಂಬುದಷ್ಟೇ ಆದರೆ ಅದು ನಿಮ್ಮ ರುಚಿ. ಮೇಜು ಒರೆಸುವ ಬಟ್ಟೆಯಿಂದ ಹಣದ ಪೆಟ್ಟಿಗೆಯವರೆಗಿನ ಬಡ್ತಿಯನ್ನು ಆ ಮನುಷ್ಯ ಮೆಟ್ಟಿಲು ಎಣಿಸಿದಂತೆ ಹೇಳುತ್ತಿದ್ದಾರೆ. “ಫಡ್ಕಾ” ತೆಗೆದು “ಒರೆಸುವ ಬಟ್ಟೆ” ಹಾಕಿದರೆ ಹೋಟೆಲೇ ಮಾಯ. ಹೊರಗಿನ ಓದುಗರಿಗೆ ತಿಳಿಯದು ಅನ್ನಿಸಿದರೆ ಲೇಖಕರನ್ನೇ ಕೇಳಿ, ಮೊದಲ ಸಲ ಬಂದಲ್ಲಿ ಒಂದು ಮಾತು ಅವರೇ ಸೇರಿಸಲಿ.

ಪದೇ ಪದೇ ಬಂದದ್ದೆಲ್ಲ ಶೈಲಿ ಎಂದು ಬಿಟ್ಟುಬಿಡುವಂತೆಯೂ ಇಲ್ಲ. ಹತ್ತು ಕಡೆ “ಅರ್ದ” ಎಂದಿದ್ದರೆ ಹತ್ತೂ ಕಡೆ ತಿದ್ದಬೇಕು. ಅದೇ ಕಾಗುಣಿತ ಸಂಭಾಷಣೆಯೊಳಗೆ, ಒಬ್ಬರ ಉಚ್ಚಾರ ತೋರಿಸಲೆಂದು ಬಂದಿದ್ದರೆ ಮುಟ್ಟಬೇಡಿ.

ಹೆಜ್ಜೆ 3: ತಪ್ಪು ಖಚಿತ, ಸರಿ ಯಾವುದೆಂದು ಗೊತ್ತಿಲ್ಲ ಎಂಬುದನ್ನು ಬೇರೆ ಇಡಿ. ಈ ಪ್ಯಾರಾದ ನಿಜವಾದ ತೊಡಕು ರೈಲಿನದು. ವಿ.ಟಿ. ಎಂದರೆ ವಿಕ್ಟೋರಿಯಾ ಟರ್ಮಿನಸ್, ಮಧ್ಯ ರೈಲ್ವೆಯದು; ಮಾಟುಂಗಾ ರೋಡ್ ಇರುವುದು ಪಶ್ಚಿಮ ರೈಲ್ವೆಯಲ್ಲಿ, ಚರ್ಚ್‌ಗೇಟಿನ ಸ್ಲೋ ಗಾಡಿ ನಿಲ್ಲುವಲ್ಲಿ. ಮಧ್ಯ ರೈಲ್ವೆಯ ನಿಲ್ದಾಣದ ಹೆಸರು ಬರೀ ಮಾಟುಂಗಾ. ಅಂದಮೇಲೆ ಎಡವಟ್ಟು ಆಗಿದೆ. ಆದರೆ ಎಲ್ಲಿ? ಅವರು ಹತ್ತಿದ್ದು ಚರ್ಚ್‌ಗೇಟಿನಲ್ಲೋ, ಇಳಿದದ್ದು ಮಾಟುಂಗಾದಲ್ಲೋ? ದಾದರಿನಲ್ಲಿ ಗಾಡಿ ಬದಲಿಸಿದ್ದನ್ನು ಬರೆಯದೆ ಬಿಟ್ಟಿರಲೂಬಹುದು. ನೀವು “ರೋಡ್” ಹೊಡೆದುಹಾಕಿದರೆ ವಾಕ್ಯ ಸರಿಯಾಗಿ ಕಾಣುತ್ತದೆ, ಅವರ ನೆನಪು ಸುಳ್ಳಾಗುತ್ತದೆ. ಅಂಚಿನಲ್ಲಿ ಬರೆಯಿರಿ: “ವಿ.ಟಿ. ಗಾಡಿ ಮಾಟುಂಗಾ ರೋಡಿಗೆ ಹೋಗುವುದಿಲ್ಲವಲ್ಲ, ಹತ್ತಿದ್ದು ಎಲ್ಲಿ ಸರ್?” ಉತ್ತರ ಬರುವ ತನಕ ವಾಕ್ಯ ಹಾಗೆಯೇ ಇರಲಿ.

ಹೆಜ್ಜೆ 4: ಹೆಸರುಗಳನ್ನು ಒಂದೇ ಏಟಿಗೆ ಬದಲಿಸಬೇಡಿ. ಊರಿನ ಹೆಸರು ಅಧಿಕೃತವಾಗಿ ಮುಂಬಯಿ ಆದದ್ದು 1995ರಲ್ಲಿ, ವಿ.ಟಿ. ಹೆಸರು ಬದಲಾದದ್ದು ಮರುವರ್ಷ. 1971ರ ಹುಡುಗನನ್ನು ಇಂದಿನ ಸಿಎಸ್‌ಎಂಟಿಯಲ್ಲಿ ಹತ್ತಿಸುವುದು ತಿದ್ದುಪಡಿಯಲ್ಲ, ಹೊಸ ತಪ್ಪು. ಆದರೆ ಮಾಟುಂಗಾ ಒಂದು ಕಡೆ “ಮಾತುಂಗ”, ಇನ್ನೊಂದು ಕಡೆ “ಮಾಟುಂಗ” ಎಂದಿದ್ದರೆ ಒಂದೇ ರೂಪಕ್ಕೆ ತನ್ನಿ. ಅದರಲ್ಲಿ ಯಾರ ಶೈಲಿಯೂ ಇಲ್ಲ.

ಹೆಜ್ಜೆ 5: ಮೂಲವನ್ನು ಪಕ್ಕದಲ್ಲಿಟ್ಟು ಹಿಂದಕ್ಕೆ ಬನ್ನಿ. ಪ್ರತಿ ಬದಲಾವಣೆಗೂ ಎರಡನೇ ಹೆಜ್ಜೆಯ ಪ್ರಶ್ನೆಯನ್ನು ಮತ್ತೆ ಕೇಳಿ, ಕಾರಣ ಹೊಳೆಯದಿದ್ದರೆ ಮೂಲದ ಪದವನ್ನೇ ವಾಪಸ್ ಇಡಿ. ಈ ಪ್ಯಾರಾದಲ್ಲಿ ಕೊನೆಗೆ ಉಳಿಯುವುದು ಎರಡು ತಿದ್ದುಪಡಿ, ಒಂದು ಪ್ರಶ್ನೆ. ವಯಸ್ಸಾದ ಲೇಖಕರಾದರೆ ಪ್ರಶ್ನೆಯನ್ನು ವಾಟ್ಸಾಪಿಗೆ ಹಾಕುವುದಕ್ಕಿಂತ ಫೋನ್ ಮಾಡಿ, ವಾಕ್ಯವನ್ನು ಓದಿ ಹೇಳಿ ಕೇಳಿ. ಅವರು ಬಾಯಲ್ಲಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು, ಪುಟ ವಿನ್ಯಾಸಕ್ಕೆ ಕಳಿಸುವ ಮೊದಲು ಸೇರಿಸಿ.