ಕೇಸ್ ಫೈಲಿನಿಂದ ಗುರುತು ತೆಗೆಯುವುದು ಹೇಗೆ?

ಹೆಣ್ಣುಮಕ್ಕಳ ಸಮಾಲೋಚನೆ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದ ದಿನಗಳು. ಹಾಸನದಲ್ಲಿ ನಡೆದ ಒಂದು ತರಬೇತಿಯಲ್ಲಿ ನಮ್ಮ ಕೇಸೊಂದರ ಸಾರಾಂಶ ಓದಿದೆ. ಹೆಸರು, ಊರು ಎಲ್ಲ ತೆಗೆದಿದ್ದೆ. ಟೀ ಕುಡಿಯುವಾಗ ಒಬ್ಬರು ಹತ್ತಿರ ಬಂದು ಮೆತ್ತಗೆ ಕೇಳಿದರು: ‘ಮೇಡಂ, ಅದು ನಮ್ಮ ಕಡೆಯ ಹುಡುಗಿ ಅಲ್ವಾ?’ ಹೌದು, ಅವರು ಹೇಳಿದ್ದು ಸರಿಯಾಗಿತ್ತು. ಹೆಸರಿಲ್ಲದೆ ಹೇಗೆ ಗೊತ್ತಾಯಿತು ಅನ್ನುವುದನ್ನು ಅವತ್ತಿನಿಂದ ಯೋಚಿಸಿ ಯೋಚಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಕೇಸ್ ಇಟ್ಟುಕೊಂಡೇ ಮಾಡೋಣ. ಹೆಸರೂ ಸೇರಿ ಇದು ಪೂರ್ತಿ ನಾನೇ ಕಟ್ಟಿದ್ದು:

‘ರತ್ನ, 34 ವರ್ಷ. ಸಕಲೇಶಪುರ ತಾಲ್ಲೂಕು ಹೆತ್ತೂರು ಹೋಬಳಿಯ ಅಂಗನವಾಡಿ ಕಾರ್ಯಕರ್ತೆ. ಗಂಡ ಸುರೇಶ ಎಸ್ಟೇಟಿನಲ್ಲಿ ರೈಟರ್. ಅವಳಿ ಹೆಣ್ಣುಮಕ್ಕಳು. ತವರಿಂದ ಬಂದ ಸರ್ವೆ ನಂಬರ್ 47ರ ಒಂದೂವರೆ ಎಕರೆ ಕಾಫಿ ತೋಟವನ್ನು ತನ್ನ ಹೆಸರಿಗೆ ಮಾಡು ಎಂದು ಗಂಡನ ಕಾಟ. ಏಪ್ರಿಲ್ 14, ಊರ ಸುಗ್ಗಿ ಹಬ್ಬದ ದಿನ, ಹೊಡೆದ. ರಾತ್ರಿಯೇ ಮಕ್ಕಳ ಜೊತೆ ತವರಿಗೆ ಹೋದರು. ಮೇ 6ರಂದು ನಮ್ಮಲ್ಲಿಗೆ ಬಂದರು.’

ಇದನ್ನು ಸಮಾಜಕಾರ್ಯ ಓದುವ ವಿದ್ಯಾರ್ಥಿಗಳಿಗೆ ಕೊಡಬೇಕು ಅಂತಿಟ್ಟುಕೊಳ್ಳಿ. ಅಳಿಸುವುದಕ್ಕೆ ಕೂರುವ ಮೊದಲು, ಅವರು ಇದರಿಂದ ಏನು ಕಲಿಯಬೇಕು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಇಲ್ಲಿ ಅದು ಆಸ್ತಿಗಾಗಿ ಒತ್ತಡ, ಹೊಡೆತ ಬಿದ್ದ ಮೇಲೂ ಸಹಾಯ ಕೇಳಲು ಹಿಡಿದ ಸಮಯ. ಇಷ್ಟಕ್ಕೆ ಬೇಡವಾದದ್ದೆಲ್ಲ ಹೊರಗೆ ಹೋಗಬಹುದು. ಮೂಲ ಫೈಲನ್ನು ಮುಟ್ಟಬೇಡಿ. ಅದನ್ನೇ ಕಾಪಿ ಮಾಡಿ ಅಲ್ಲಲ್ಲಿ ಅಳಿಸುವುದಕ್ಕಿಂತ ಖಾಲಿ ಹಾಳೆಯಲ್ಲಿ ಹೊಸದಾಗಿ ಬರೆಯುವುದು ವಾಸಿ. ಅಳಿಸುವಾಗ ಏನಾದರೂ ತಪ್ಪಿಹೋಗುತ್ತದೆ.

ಫೈಲ್ ದೊಡ್ಡದು, ಅಳಿಸದೆ ಗತಿಯಿಲ್ಲ ಅಂದರೆ ಮೊದಲು ನೇರ ಗುರುತುಗಳನ್ನು ತೆಗೆಯಿರಿ. ಹೆಸರು, ಫೋನ್, ಆಧಾರ್, ಬ್ಯಾಂಕ್ ಖಾತೆ, ರೇಷನ್ ಕಾರ್ಡ್ ನಂಬರ್ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಠಾಣೆಯ ಅಪರಾಧ ಸಂಖ್ಯೆ ಮತ್ತು ಕೋರ್ಟಿನ ಕೇಸ್ ನಂಬರ್. ಅವುಗಳನ್ನು ಹಿಡಿದು ಆನ್‌ಲೈನ್‌ನಲ್ಲೇ ಕೇಸನ್ನು ಹುಡುಕಬಹುದು. ಸರ್ವೆ ನಂಬರ್ ಕೂಡ ಹಾಗೇ. ನೋಡುವುದಕ್ಕೆ ಬರೀ 47. ಆದರೆ ಭೂಮಿ ವೆಬ್‌ಸೈಟಿನಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿದರೆ ಪಹಣಿಯಲ್ಲಿ ಮಾಲೀಕರ ಹೆಸರೇ ಬರುತ್ತದೆ. ಗ್ರಾಮದ ಹೆಸರು ತೆಗೆದಿದ್ದೇವಲ್ಲ ಅನ್ನಬೇಡಿ. ಹೋಬಳಿಯ ಗ್ರಾಮಗಳನ್ನು ಒಂದೊಂದಾಗಿ ಹಾಕಿ ನೋಡುವುದಕ್ಕೆ ಒಂದು ಸಂಜೆ ಸಾಕು.

ಹೆಸರು ಬದಲಿಸಲು ವರ್ಡ್‌ನಲ್ಲಿ `Ctrl+H` ಒತ್ತಿ ‘ರತ್ನ’ ಇದ್ದಲ್ಲೆಲ್ಲ ‘ಮಹಿಳೆ’ ಹಾಕಿದರೆ ‘ರತ್ನಳಿಗೆ’ ಅನ್ನುವುದು ‘ಮಹಿಳೆಳಿಗೆ’ ಆಗುತ್ತದೆ! ನಗು ಬರುತ್ತದೆ, ಜೊತೆಗೆ ಇಲ್ಲೊಂದು ಹೆಸರಿತ್ತು, ‘ಳಿಗೆ’ ಸೇರುವಂಥದ್ದು ಅಂತ ಗೊತ್ತೂ ಆಗುತ್ತದೆ. ಒಬ್ಬರು ‘ಸುರೇಶ’ ಅಂತ ಬರೆದರೆ ಇನ್ನೊಬ್ಬರು ‘ಸುರೇಷ್’ ಅಂತ ಬರೆದಿರುತ್ತಾರೆ. ಎರಡನ್ನೂ ಬೇರೆ ಬೇರೆ ಹುಡುಕಬೇಕು. ಇದಕ್ಕಿಂತ ಮೋಸದ ವಿಷಯ ಹಳೆಯ ನುಡಿ ಫಾಂಟ್. ಅದರಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಯೂನಿಕೋಡ್‌ನಲ್ಲಿ ಹೆಸರು ಹುಡುಕಿದರೆ ‘ಸಿಗಲಿಲ್ಲ’ ಅನ್ನುತ್ತದೆ. ಕಣ್ಣೆದುರೇ ಹೆಸರು ಇರುತ್ತದೆ. ಹಾಗಾಗಿ ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಹುಡುಕಿ, ಕೊನೆಗೆ ಒಮ್ಮೆ ಪ್ರಿಂಟ್ ತೆಗೆದು ಬೆರಳಿಟ್ಟು ಓದಿ.

ನಾನು ಎಡವಿದ್ದು ಇದರಲ್ಲಲ್ಲ. ಎಡವಿದ್ದು ಇದರ ನಂತರದ ಹಂತದಲ್ಲಿ. ನಮ್ಮ ರತ್ನ ಅವರ ಕೇಸನ್ನೇ ನೋಡಿ. ಒಂದು ಅಂಗನವಾಡಿಗೆ ಸಾಮಾನ್ಯವಾಗಿ ಒಬ್ಬರೇ ಕಾರ್ಯಕರ್ತೆ. ಒಂದು ಹೋಬಳಿಯಲ್ಲಿ ಅಂಥವರು ಹಲವರಿರಬಹುದು. ಗಂಡ ಎಸ್ಟೇಟ್ ರೈಟರ್ ಅಂದ ಕೂಡಲೇ ಆ ಪಟ್ಟಿ ಬೆರಳೆಣಿಕೆಗೆ ಇಳಿಯುತ್ತದೆ. ಅವಳಿ ಹೆಣ್ಣುಮಕ್ಕಳು ಅಂದರೆ ಒಬ್ಬರೇ ಉಳಿಯುತ್ತಾರೆ. ಸುಗ್ಗಿಯಂತೂ ಊರೂರಿಗೆ ಬೇರೆ ದಿನ. ತಾರೀಖು ಕೊಟ್ಟರೆ ಊರನ್ನು ಕೊಟ್ಟ ಹಾಗೇ. ಒಂದೊಂದೇ ವಿವರಕ್ಕೆ ಏನೂ ಆಗದು, ನಾಲ್ಕು ಸೇರಿದಾಗ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತವೆ.

ಪರಿಹಾರ ಎಂದರೆ ವಿವರವನ್ನು ಅಗಲ ಮಾಡುವುದು. 34ರ ಬದಲು ‘ಮೂವತ್ತು ದಾಟಿದವರು’. ಹೋಬಳಿಯ ಬದಲು ‘ಮಲೆನಾಡಿನ ಒಂದು ಹಳ್ಳಿ’. ಅಂಗನವಾಡಿ ಅನ್ನುವುದಕ್ಕೆ ನಾನು ಮೊದಲು ‘ಗೌರವಧನದ ಕೆಲಸ’ ಅಂತ ಬರೆದಿದ್ದೆ. ಆದರೆ ಹಳ್ಳಿಯಲ್ಲಿ ಗೌರವಧನ ಅಂದರೆ ಅಂಗನವಾಡಿ, ಆಶಾ, ಬಿಸಿಯೂಟ ಅಂತ ಯಾರಾದರೂ ಹೇಳುತ್ತಾರೆ. ಹಾಗಾಗಿ ‘ಸ್ವಲ್ಪ ಸ್ವಂತ ಸಂಪಾದನೆ ಇದೆ’ ಅಂದರೆ ಸಾಕು. ತಾರೀಖು ಬೇಡ, ಅಂತರ ಬೇಕು. ಏಪ್ರಿಲ್ 14ರಿಂದ ಮೇ 6ಕ್ಕೆ 22 ದಿನ. ಅದನ್ನು ‘ಸುಮಾರು ಮೂರು ವಾರ’ ಅನ್ನಿ. ಕಲಿಯಬೇಕಾದವರಿಗೆ ಬೇಕಾದದ್ದು ಅದೇ. ಎಲ್ಲ ಮುಗಿದ ಮೇಲೆ ಉಳಿದದ್ದು ಇಷ್ಟು:

‘ಮಲೆನಾಡಿನ ಒಂದು ಹಳ್ಳಿ. ಮೂವತ್ತು ದಾಟಿದ ಮಹಿಳೆ, ಚಿಕ್ಕ ಮಕ್ಕಳಿದ್ದಾರೆ, ಸ್ವಲ್ಪ ಸ್ವಂತ ಸಂಪಾದನೆ ಇದೆ. ತವರಿಂದ ಬಂದ ಜಮೀನನ್ನು ತನ್ನ ಹೆಸರಿಗೆ ಮಾಡಿಕೊಡು ಎಂದು ಗಂಡನ ಕಾಟ. ಒಂದು ದಿನ ಹೊಡೆತ ಬಿದ್ದ ಮೇಲೆ ತವರಿಗೆ ಹೋದರು. ಕೇಂದ್ರಕ್ಕೆ ಬರಲು ಸುಮಾರು ಮೂರು ವಾರ ಹಿಡಿಯಿತು.’

ಒಂದಕ್ಕಿಂತ ಹೆಚ್ಚು ಕೇಸ್ ಕಳಿಸುವುದಿದ್ದರೆ ‘ಕ–1’, ‘ಕ–2’ ಅಂತ ಗುರುತು ಕೊಡಿ. ಹೆಸರಿನ ಮೊದಲ ಅಕ್ಷರ ಬಳಸಬೇಡಿ, ರಿಜಿಸ್ಟರಿನ ಕ್ರಮಸಂಖ್ಯೆಯೂ ಬೇಡ. ಯಾವುದು ಯಾರದ್ದು ಅನ್ನುವ ಪಟ್ಟಿ ಬೇರೆ ಪುಸ್ತಕದಲ್ಲಿ, ಬೀಗದ ಒಳಗೆ ಇರಲಿ.

ಈಗ ಪರೀಕ್ಷೆ. ಈ ಕೇಸ್ ನೋಡದ, ಆದರೆ ಅದೇ ತಾಲ್ಲೂಕಿನ ಸಹೋದ್ಯೋಗಿ ಒಬ್ಬರಿಗೆ ಓದಲು ಕೊಡಿ. ಹೊರಗಿನವರು ಬೇಡ, ಅವರಿಗೆ ಕೊಟ್ಟರೆ ಹಂಚಿದ ಹಾಗೇ ಆಯಿತು. ‘ಇದು ಯಾರಿರಬಹುದು?’ ಅಂತ ಕೇಳಿ. ಅವರು ಒಂದು ಹೆಸರು ಹೇಳಿ ಅದು ಸರಿಯಾದರೆ ಮತ್ತೆ ಅಗಲ ಮಾಡಿ. ಕೆಲವು ಕೇಸುಗಳು ಎಷ್ಟು ಅಗಲ ಮಾಡಿದರೂ ಮುಚ್ಚುವುದಿಲ್ಲ, ಪತ್ರಿಕೆಯಲ್ಲಿ ಬಂದಿರುತ್ತವೆ, ಊರೆಲ್ಲ ಮಾತಾಡಿರುತ್ತದೆ. ಅಂಥದ್ದನ್ನು ಕಳಿಸಬೇಡಿ, ಬೇರೆ ಕೇಸ್ ಆರಿಸಿ.

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಕೇಸ್ ಆದರೆ ಇನ್ನೂ ಎಚ್ಚರ ಬೇಕು. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಾಧ್ಯಮದಲ್ಲಿ ಮಗುವಿನ ಹೆಸರು, ವಿಳಾಸ, ಫೋಟೊ ಮಾತ್ರವಲ್ಲ, ಕುಟುಂಬದ ವಿವರ, ಶಾಲೆ, ನೆರೆಹೊರೆಯನ್ನೂ ಬಯಲು ಮಾಡಬಾರದು ಅನ್ನುತ್ತದೆ. ‘ಮಗುವಿನ ಚಿಕ್ಕಪ್ಪ’ ಅಂತ ಆರೋಪಿಯ ಹೆಸರು ಹಾಕಿದರೂ ಮಗು ಸಿಕ್ಕಿಬಿದ್ದ ಹಾಗೇ. ಇಂಥ ಕೇಸುಗಳನ್ನು ವಕೀಲರಿಗೆ ತೋರಿಸದೆ ಹೊರಗೆ ಬಿಡಬೇಡಿ.

ಕೊನೆಗೆ ಫೈಲನ್ನೇ ನೋಡಿ. ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಅಕ್ಷರ ಅಡಿಯಲ್ಲಿ ಹಾಗೇ ಕೂತಿರುತ್ತದೆ. ಸೆಲೆಕ್ಟ್ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ, ಬಂದರೆ ಕೆಲಸ ಆಗಿಲ್ಲ. ಕಾಗದದ ಮೇಲೆ ಮಾರ್ಕರ್ ಬಳಿದಿದ್ದರೆ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅದರ ಜೆರಾಕ್ಸ್ ಮಾತ್ರ ಕೊಡಿ. ವರ್ಡ್ ಫೈಲಿನಲ್ಲಿ ಕಾಮೆಂಟ್, ಹಿಂದಿನ ತಿದ್ದುಪಡಿ, ಬರೆದವರ ಹೆಸರು ಉಳಿದಿರಬಹುದು. `File > Info > Check for Issues > Inspect Document` ಒತ್ತಿ, ಆಮೇಲೆ `Inspect` ಕೊಟ್ಟರೆ ಅವನ್ನು ತೋರಿಸುತ್ತದೆ, ಪಕ್ಕದ `Remove All` ಒತ್ತಿ ತೆಗೆಯಿರಿ. ಇಷ್ಟೆಲ್ಲ ಮಾಡಿ, ಕಳಿಸುವ ಬಟನ್ ಮೇಲೆ ಬೆರಳಿಟ್ಟಾಗ ಫೈಲಿಗೆ ಏನು ಹೆಸರಿದೆ ನೋಡಿಕೊಳ್ಳಿ. ಈ ಕಟ್ಟಿದ ಕೇಸಿನ ನನ್ನ ಫೈಲಿಗೇ ಮೊದಲು `ratna_final2.docx` ಅಂತ ಇತ್ತು.